ದೊಡ್ಡಾಟದ ಲೈವ್‌ನಲ್ಲಿ ಖಾಲಿ ಹೊತ್ತು: ನಿರೂಪಕರು ಏನು ಮಾತಾಡಬೇಕು, ಎಲ್ಲಿ ನಿಲ್ಲಿಸಬೇಕು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಈಗ ಜಾತ್ರೆಯ ದೊಡ್ಡಾಟ ಊರ ಬಯಲಿನಲ್ಲಷ್ಟೇ ಅಲ್ಲ, ಯೂಟ್ಯೂಬ್‌ನಲ್ಲೂ ನಡೆಯುತ್ತದೆ. ದುಡಿಯಲು ಬೆಂಗಳೂರು, ಗೋವಾ, ಮಂಗಳೂರಿಗೆ ಹೋದವರು ಊಟ ಮುಗಿಸಿ, ಫೋನ್ ಗೋಡೆಗೆ ಒರಗಿಸಿಟ್ಟು ನೋಡುತ್ತಾರೆ. ತಮ್ಮ ಅಣ್ಣನೋ ಮಾವನೋ ಪಾತ್ರ ಕಟ್ಟಿದ್ದರಂತೂ ಮನೆಮಂದಿಯೆಲ್ಲ ಕೂತಿರುತ್ತಾರೆ.

ಬ್ಯಾನರಿನಲ್ಲಿ ರಾತ್ರಿ 8.30 ಅಂತ ಇರುತ್ತದೆ. ಆ ಹೊತ್ತಿಗೆ ಆಟ ಶುರುವಾಗುವುದಿಲ್ಲ ಅಂತ ಬಯಲಲ್ಲಿ ಕೂತವರಿಗೆಲ್ಲ ಗೊತ್ತು. ಅವರು ಎದ್ದು ಚಹಾ ಕುಡಿಯುತ್ತಾರೆ, ಪಕ್ಕದವರ ಜೊತೆ ಮಾತಾಡುತ್ತಾರೆ, ಮಿರ್ಚಿ ತಿನ್ನುತ್ತಾರೆ. ಫೋನ್ ಮುಂದೆ ಕೂತವರಿಗೆ ಇದೇನೂ ಇಲ್ಲ. ಅವರ ಪಾಲಿಗೆ ಇರುವುದು ಮೈಕ್ ಹಿಡಿದ ನೀವೊಬ್ಬರೇ. ಅದರ ಮೇಲೆ ಕರೆಂಟ್ ಹೋಯಿತು, ಮಿಕ್ಸರ್ ಸುಟ್ಟಿತು, ನೆಟ್ ಕುಂಟಿತು ಅಂದರೆ ಹತ್ತು ಹದಿನೈದು ನಿಮಿಷ ನಿಮ್ಮ ತಲೆ ಮೇಲೆ ಬೀಳುತ್ತದೆ.

ಆಗ ಹೆಚ್ಚಿನವರು ಹೇಳುವುದು ಒಂದೇ: "ಸ್ನೇಹಿತರೇ, ಇನ್ನೇನು ಕೆಲವೇ ಕ್ಷಣಗಳಲ್ಲಿ ಆಟ ಪ್ರಾರಂಭವಾಗಲಿದೆ, ಎಲ್ಲರೂ ಲೈಕ್ ಮಾಡಿ, ಶೇರ್ ಮಾಡಿ." ಎರಡು ನಿಮಿಷ ಬಿಟ್ಟು ಮತ್ತೆ ಅದೇ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಅನ್ನುವ ಹಾಗೆ. ಇನ್ನು ಕೆಲವರು ವಿಷಯ ಹಿಡಿದು ಶುರು ಮಾಡುತ್ತಾರೆ, ಆದರೆ ಕರ್ಣನಿಂದ ಹೊರಟವರು ಊರಿನ ರಸ್ತೆ ರಿಪೇರಿಗೆ ಬಂದು ಮುಟ್ಟುತ್ತಾರೆ. ನಾನು ನೋಡಿದ ಮಟ್ಟಿಗೆ ಇವರಿಗೆ ವಿಷಯದ ಕೊರತೆ ಇರುವುದಿಲ್ಲ. ಶುರು ಮಾಡಿದ್ದನ್ನು ಎಲ್ಲಿ ಮುಗಿಸಬೇಕು ಅಂತ ಗೊತ್ತಿರುವುದಿಲ್ಲ, ಅಷ್ಟೇ. ಈ ಮಾರ್ಗದರ್ಶಿಯಲ್ಲಿ ಹೇಳುವುದೆಲ್ಲ ಆ ಒಂದು ತೊಂದರೆಯ ಸುತ್ತಲೇ ಇದೆ.

ಮೊದಲ ಹೆಜ್ಜೆ: ನೋಡುವವರಿಗೆ ಏನು ತಲುಪುತ್ತಿದೆ ಅಂತ ನೋಡಿ, ಆಮೇಲೆ ಬಾಯಿ ತೆಗೆಯಿರಿ

ಖಾಲಿ ಹೊತ್ತು ಅಂದರೆ ಎಲ್ಲವೂ ಒಂದೇ ಅಲ್ಲ. ಮೂರು ಬಗೆ ಇದೆ, ಮೂರಕ್ಕೂ ಮದ್ದು ಬೇರೆ.

ಒಂದು, ಲೈವ್ ಚೆನ್ನಾಗಿ ಹೋಗುತ್ತಿದೆ, ವೇದಿಕೆ ಮೇಲೆ ಮಾತ್ರ ಏನೂ ಇಲ್ಲ. ವೇಷ ಮುಗಿದಿಲ್ಲ, ಜನರೇಟರ್‌ಗೆ ಡೀಸೆಲ್ ತರಲು ಹೋಗಿದ್ದಾರೆ, ಇಂಥದ್ದು. ಇಲ್ಲಿ ನಿಮ್ಮ ಮಾತಿಗೆ ಕೆಲಸ ಇದೆ.

ಎರಡು, ಚಿತ್ರ ಹೋಗುತ್ತಿದೆ, ಧ್ವನಿ ಇಲ್ಲ. ಇಲ್ಲಿ ನೀವು ಎಷ್ಟು ಚೆಂದ ಮಾತಾಡಿದರೂ ಬಾಯಿ ಆಡುವುದು ಮಾತ್ರ ಕಾಣುತ್ತದೆ. ಮಾತು ನಿಲ್ಲಿಸಿ, ಮೊದಲೇ ಮಾಡಿಟ್ಟ ಬರಹದ ಪರದೆ ಹಾಕಿಸಿ: "ಧ್ವನಿ ಸರಿಪಡಿಸುತ್ತಿದ್ದೇವೆ. ಆಟ ಇನ್ನೂ ಶುರುವಾಗಿಲ್ಲ." ಎರಡನೇ ವಾಕ್ಯ ಬೇಕೇ ಬೇಕು. ತಾವು ಆಟ ತಪ್ಪಿಸಿಕೊಳ್ಳುತ್ತಿದ್ದೇವೆ ಅನ್ನುವ ಭಯಕ್ಕೆ ಜನ ಜಾಸ್ತಿ ಸಿಟ್ಟಾಗುತ್ತಾರೆ. ಅದೇ ಮಾತನ್ನು ಚಾಟ್‌ನಲ್ಲಿ ಬರೆದು ಪಿನ್ ಮಾಡಿ.

ಮೂರು, ನೆಟ್ಟೇ ಬಿದ್ದಿದೆ. ನೋಡುವವರಿಗೆ ಚಕ್ರ ತಿರುಗುತ್ತಿದೆ. ಇಲ್ಲಿ ಮಾತಾಡಿದ್ದು ಗಾಳಿಗೆ ಹೋಯಿತು ಅಂತಲೇ ಲೆಕ್ಕ. ಆ ಹೊತ್ತಿನಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿಸಿ, ನೀರು ಕುಡಿಯಿರಿ, ಮುಂದಿನ ಮಾತು ನೆನಪು ಮಾಡಿಕೊಳ್ಳಿ.

ಯಾವ ಬಗೆ ಅಂತ ತಿಳಿಯುವುದು ಹೇಗೆ? ಕ್ಯಾಮೆರಾ ಕಡೆಯವರ ಲ್ಯಾಪ್‌ಟಾಪ್ ನೋಡಿದರೆ ಅರ್ಧ ಮಾತ್ರ ತಿಳಿಯುತ್ತದೆ. ಅಲ್ಲಿ ಕಾಣುವುದು ನೀವು ಕಳಿಸುತ್ತಿರುವುದು, ಜನರಿಗೆ ತಲುಪಿದ್ದಲ್ಲ. ಅದಕ್ಕೆ ಒಂದು ಹಳೇ ಫೋನ್ ಬೇರೆ ಕಂಪನಿಯ ಸಿಮ್ ಹಾಕಿ ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ ನಿಮ್ಮದೇ ಲೈವ್ ಅನ್ನು ನೋಡುಗರ ಹಾಗೆ ತೆರೆದು, ಇಯರ್‌ಫೋನ್ ಒಂದು ಕಿವಿಗೆ ಹಾಕಿ ಕೇಳಿ. ಬೇರೆ ಸಿಮ್ ಯಾಕೆಂದರೆ, ಕಳಿಸುವ ಹಾಟ್‌ಸ್ಪಾಟ್‌ಗೇ ಈ ಫೋನನ್ನೂ ಸೇರಿಸಿದರೆ ಇರುವ ಅಷ್ಟಿಷ್ಟು ನೆಟ್ಟನ್ನೂ ಅದು ತಿನ್ನುತ್ತದೆ. ಜಾತ್ರೆಯ ದಿನ ಟವರ್ ಮೇಲೆ ಮೊದಲೇ ಸಾವಿರಾರು ಫೋನ್ ಕೂತಿರುತ್ತವೆ. ಆ ಫೋನಿನಲ್ಲಿ ಸದ್ದು ಹತ್ತು ಇಪ್ಪತ್ತು ಸೆಕೆಂಡ್ ತಡವಾಗಿ ಬರುತ್ತದೆ. ಹಾಗಾಗಿ ಮಾತಾಡುವಾಗ ಇಯರ್‌ಫೋನ್ ತೆಗೆದುಬಿಡಿ, ಇಲ್ಲದಿದ್ದರೆ ನಿಮ್ಮದೇ ಹಳೇ ಮಾತು ಕಿವಿಗೆ ಬಿದ್ದು ನಾಲಿಗೆ ತಡವರಿಸುತ್ತದೆ.

ಇದಕ್ಕೂ ಮುಂಚಿನ ಒಂದು ವ್ಯವಸ್ಥೆ ಮರೆಯಬೇಡಿ. ನಿರೂಪಕರ ಮೈಕ್ ಮೈಕ್‌ಸೆಟ್‌ನವರ ಮಿಕ್ಸರ್ ಮೂಲಕ ಬರಬಾರದು. ಕರೆಂಟ್ ಹೋದರೆ ಮಿಕ್ಸರ್ ಸಾಯುತ್ತದೆ, ಅದರ ಜೊತೆ ನೀವೂ ಮೂಕರಾಗುತ್ತೀರಿ. ನಿಮ್ಮ ಮೈಕಿನ ವಯರ್ ನೇರವಾಗಿ ಲೈವ್ ಲ್ಯಾಪ್‌ಟಾಪಿಗೆ, ಅಂದರೆ ಬ್ಯಾಟರಿ ಮೇಲೆ ನಡೆಯುವ ಕಡೆಗೆ ಹೋಗಿರಬೇಕು. ಮುಖಕ್ಕೆ ಬೀಳಲು ಬ್ಯಾಟರಿಯ ಒಂದು ಚಿಕ್ಕ ಎಲ್ಇಡಿ ಲೈಟ್ ಸಾಕು. ಇಷ್ಟಿದ್ದರೆ ಇಡೀ ಊರು ಕತ್ತಲಾದರೂ ನಿಮ್ಮ ಮುಖ, ಮಾತು ಎರಡೂ ಜನರಿಗೆ ತಲುಪುತ್ತಿರುತ್ತವೆ.

ಎರಡನೇ ಹೆಜ್ಜೆ: ಮೊದಲ ಇಪ್ಪತ್ತು ಸೆಕೆಂಡ್

ಏನಾಗಿದೆ ಅಂತ ಬಾಯಿಬಿಟ್ಟು ಹೇಳಿ. "ತಾಂತ್ರಿಕ ಅಡಚಣೆ" ಅನ್ನಬೇಡಿ, ಆ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. "ಕರೆಂಟ್ ಹೋಗಿದೆ, ಜನರೇಟರ್ ಹಚ್ಚುತ್ತಿದ್ದಾರೆ" ಅಂದರೆ ನಮ್ಮ ಕಡೆಯ ಯಾರಿಗೇ ಆದರೂ ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ತಪ್ಪು ಯಾರದು ಅನ್ನುವುದಕ್ಕೆ ಹೋಗಬೇಡಿ. ಮೈಕ್‌ಸೆಟ್‌ನ ಹುಡುಗನನ್ನು ಲೈವ್‌ನಲ್ಲಿ ಬೈದರೆ ಅವನು ಅಲ್ಲೇ ಕೈಚೆಲ್ಲಿ ಕೂರಬಹುದು.

ಎಷ್ಟು ಹೊತ್ತಾಗುತ್ತದೆ ಅಂತ ಮಾತ್ರ ಹೇಳಬೇಡಿ. "ಎರಡೇ ನಿಮಿಷ" ಅಂದಿರೋ, ಮೂರನೇ ನಿಮಿಷಕ್ಕೆ ನೀವು ಸುಳ್ಳುಗಾರರು. ಅದರ ಬದಲು ನಿಮ್ಮ ಕೈಯಲ್ಲಿ ಇರುವುದರ ಮಾತು ಕೊಡಿ: "ಏನಾಯಿತು ಅಂತ 8.40ಕ್ಕೆ ಬಂದು ಹೇಳುತ್ತೇನೆ." ಜನರೇಟರ್ ಯಾವಾಗ ಶುರುವಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಸುದ್ದಿ ಹೇಳುವುದು ನಿಮ್ಮ ಕೈಯಲ್ಲಿದೆ. 8.40ಕ್ಕೆ ಹೊಸದೇನೂ ಇಲ್ಲದಿದ್ದರೂ ಸರಿಯಾಗಿ ಅದೇ ಹೊತ್ತಿಗೆ ಹೇಳಿ: "ಡೀಸೆಲ್ ತರಲು ಹೋದವರು ಇನ್ನೂ ಬಂದಿಲ್ಲ." ಕೊಟ್ಟ ಮಾತಿಗೆ ಒಮ್ಮೆ ಸರಿಯಾಗಿ ಬಂದರೆ ಮುಂದಿನ ಐದು ನಿಮಿಷ ಜನ ನಂಬಿ ಕೂರುತ್ತಾರೆ.

ಪರದೆ ಮೇಲೆ ಉಲ್ಟಾ ಎಣಿಸುವ ಗಡಿಯಾರ ಹಾಕುವ ಚಾಳಿ ಕೆಲವರಿಗಿದೆ. ದೊಡ್ಡಾಟಕ್ಕೆ ಅದು ಬೇಡವೇ ಬೇಡ. ಸೊನ್ನೆಗೆ ಬಂದು ನಿಂತ ಗಡಿಯಾರ ನೋಡಿದ ಮೇಲೆ ಯಾರೂ ಕಾಯುವುದಿಲ್ಲ.

ಮೂರನೇ ಹೆಜ್ಜೆ: ಚೀಟಿಗಳು, ಕೊನೆಯ ವಾಕ್ಯದ ಸಮೇತ

ಇದೇ ಮುಖ್ಯವಾದದ್ದು, ನಿಧಾನವಾಗಿ ಹೇಳುತ್ತೇನೆ.

ಆಟದ ದಿನ ಮಧ್ಯಾಹ್ನವೇ ಊರಿಗೆ ಹೋಗಿ. ಆಟದ ಮಾಸ್ತರರು, ಮದ್ದಳೆಯವರು, ವೇಷ ಕಟ್ಟುವವರು ಬಿಡುವಾಗಿರುವ ಹೊತ್ತು ನೋಡಿ ಮಾತಾಡಿಸಿ. ಸಂಜೆ ಮೇಲೆ ಹೋದರೆ "ತಡೀರಿ ತಮ್ಮಾ, ಕಿರೀಟ ಕಟ್ಟಾಕತ್ತೇವಿ" ಅನ್ನುತ್ತಾರೆ, ಅಷ್ಟೇ. ಮಧ್ಯಾಹ್ನ ಸಿಕ್ಕಿದ್ದನ್ನು ರಟ್ಟಿನ ಚೀಟಿಗಳಲ್ಲಿ ಬರೆದುಕೊಳ್ಳಿ. ಫೋನಿನಲ್ಲಿ ಬರೆಯಬೇಡಿ. ಕರೆ ಬರುತ್ತದೆ, ಪರದೆ ಆರುತ್ತದೆ. ಫೋನ್ ನೋಡುತ್ತಾ ಮಾತಾಡುವವರನ್ನು ಕಂಡರೆ ಇವರಿಗೇ ಬೇಜಾರಾಗಿದೆ ಅಂತ ಜನಕ್ಕೆ ಅನಿಸುತ್ತದೆ.

ಒಂದು ಚೀಟಿಗೆ ಒಂದೇ ವಿಷಯ. ಅದರಲ್ಲಿ ಇರಬೇಕಾದದ್ದು ಮೂರೇ: ಮೊದಲ ವಾಕ್ಯ ಪೂರ್ತಿ, ನಡುವೆ ಎರಡು ಮೂರು ಪದದ ನೆನಪಿನ ಗುರುತು, ಕೊನೆಯ ವಾಕ್ಯ ಪೂರ್ತಿ. ನಡುವಿನದು ಬಾಯಿಮಾತಿನಲ್ಲಿ ಬರುತ್ತದೆ, ಅದನ್ನು ಬರೆದರೆ ಓದಿದ ಹಾಗೆ ಕೇಳುತ್ತದೆ. ಆದರೆ ಕೊನೆಯ ವಾಕ್ಯ ಬಾಯಿಮಾತಿಗೆ ಬಿಡಬೇಡಿ. ಅದು ಮೊದಲೇ ಸಿದ್ಧವಿದ್ದರೆ ಜನರೇಟರ್ ಗುಡುಗಿದ ಕ್ಷಣಕ್ಕೆ ನಡುವಿನದನ್ನು ಬಿಟ್ಟು ನೇರ ಅಲ್ಲಿಗೆ ಹಾರಬಹುದು. ಕೇಳುವವರಿಗೆ ಮಾತು ಅರ್ಧಕ್ಕೆ ನಿಂತಂತೆ ಅನಿಸುವುದಿಲ್ಲ.

ಒಂದು ಚೀಟಿ ಮಾಡಿ ತೋರಿಸುತ್ತೇನೆ. ವಿಷಯ ಭುಜಕೀರ್ತಿ.

ಮೊದಲ ವಾಕ್ಯ: "ದೂರದಿಂದ ಬಂಗಾರದ ಹಾಗೆ ಹೊಳೆಯುವ ಇದು ಕಟ್ಟಿಗೆಯದು." ನಡುವೆ ಗುರುತು: ಹಗುರ ಕಟ್ಟಿಗೆ, ಬೇಗಡೆ ಹಾಳೆ, ಕನ್ನಡಿ ಚೂರು, ರಾತ್ರಿಯೆಲ್ಲ ಕುಣಿತ. ಕೊನೆಯ ವಾಕ್ಯ: "ಈಗ ಕರ್ಣ ಬಂದಾಗ ಅವನ ಹೆಗಲು ನೋಡಿ, ಇದೇ ಹೊಳೆಯುತ್ತಿರುತ್ತದೆ."

ಗಮನಿಸಿ, ಕೊನೆಯ ವಾಕ್ಯ ಆಟದ ಕಡೆಗೇ ಕೈ ತೋರಿಸುತ್ತದೆ. ಎಲ್ಲ ಚೀಟಿಗಳೂ ಹೀಗೇ ಮುಗಿಯಲಿ. ಆಗ ಕಾಯುವುದಕ್ಕೆ ಒಂದು ಕಾರಣ ಸಿಗುತ್ತದೆ. ಸಾಧ್ಯವಿದ್ದರೆ ಒಂದು ಹೆಚ್ಚಿನ ಭುಜಕೀರ್ತಿಯನ್ನೋ ಗೆಜ್ಜೆಪಟ್ಟಿಯನ್ನೋ ಮಾಸ್ತರರನ್ನು ಕೇಳಿ ಪಕ್ಕದಲ್ಲಿಟ್ಟುಕೊಳ್ಳಿ. ಕೈಯಲ್ಲಿ ಹಿಡಿದು ಕ್ಯಾಮೆರಾ ಹತ್ತಿರ ತಂದು ತಿರುಗಿಸಿದರೆ ಕನ್ನಡಿ ಚೂರುಗಳು ನಿಮ್ಮ ಎಲ್ಇಡಿ ಬೆಳಕಿಗೆ ಮಿಂಚುತ್ತವೆ, ಬೇಗಡೆಯ ಅಂಚಿನಲ್ಲಿ ಹಿಂದಿನ ವರ್ಷದ ಬೆವರಿನ ಕಲೆಯೂ ಕಾಣುತ್ತದೆ. ಬರೀ ಮುಖ ನೋಡುತ್ತಾ ಎರಡು ನಿಮಿಷ ಕೂರುವುದು ಕಷ್ಟ. ವಸ್ತು ಇದ್ದರೆ ಆರಾಮಾಗಿ ಕೂರುತ್ತಾರೆ.

ಚೀಟಿಗಳ ಉದ್ದ ಬೇರೆಬೇರೆ ಇರಲಿ. ಅರ್ಧ ನಿಮಿಷದವು ಮೂರ್ನಾಲ್ಕು, ಎರಡು ನಿಮಿಷದವು ಮೂರು, ನಾಲ್ಕೈದು ನಿಮಿಷದ್ದು ಒಂದು. ಉದ್ದದ್ದು ಅಂದರೆ ಕಥೆಯ ಚೀಟಿ. ಕರ್ಣಾರ್ಜುನರ ಕಾಳಗದ ಪ್ರಸಂಗವಾದರೆ ಶಲ್ಯ ಕರ್ಣನಿಗೆ ಸಾರಥಿ ಯಾಕಾದ ಅನ್ನುವಲ್ಲಿಂದ ಹಿಡಿದು ರಥದ ಗಾಲಿ ಹೂಳುವ ತನಕ. ಎಲ್ಲರಿಗೂ ಗೊತ್ತಿರುವ ಕಥೆ ಯಾಕೆ ಅನ್ನಬೇಡಿ. ಬೆಂಗಳೂರಿನಲ್ಲಿ ಬೆಳೆದ ಮೊಮ್ಮಕ್ಕಳೂ ಅದೇ ಫೋನ್ ಮುಂದೆ ಕೂತಿರುತ್ತಾರೆ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದಾಗ ಸಾರಥಿ "ನೀವು ಯಾರು" ಅಂತ ಕೇಳುತ್ತಾನೆ, ಪಾತ್ರ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ. ಆ ಒಂದು ಪದ್ಧತಿ ಅವರಿಗೆ ಮೊದಲೇ ತಿಳಿಸಿದರೂ ಸಾಕು, ಆಟ ಅರ್ಥವಾಗುತ್ತದೆ. ಇದು ಅರ್ಧ ನಿಮಿಷದ ಒಳ್ಳೆಯ ಚೀಟಿ.

ಆಟಕ್ಕೆ ಸಂಬಂಧವಿಲ್ಲದ ಒಂದು ಚೀಟಿಯನ್ನೂ ಜೇಬಿನಲ್ಲಿಡಿ, ತೀರಾ ಉದ್ದ ಎಳೆದರೆ ಬೇಕಾಗುತ್ತದೆ. ಕೊಪ್ಪಳದ ಕಡೆಯ ಲೈವ್‌ಗೆ ನನಗೆ ಇಷ್ಟವಾದದ್ದು ಅಶೋಕನ ಶಾಸನ. ಕೊಪ್ಪಳದಲ್ಲೇ ಎರಡಿವೆ, ಗವಿಮಠದ ಬೆಟ್ಟದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು. ಶಾಸನಗಳಲ್ಲಿ ಸಾಮಾನ್ಯವಾಗಿ "ದೇವಾನಾಂಪ್ರಿಯ" ಅಂತಷ್ಟೇ ಇರುತ್ತಿತ್ತು, ಅದು ಯಾರು ಅನ್ನುವುದು ಪ್ರಶ್ನೆಯಾಗಿತ್ತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಆ ಬಿರುದಿನ ಜೊತೆ ಅಶೋಕ ಅನ್ನುವ ಹೆಸರೇ ಇತ್ತು. ಒಂದು ಗಂಟು, ಅದನ್ನು ಬಿಡಿಸಿದ್ದು, ಮುಗಿಯಿತು. ಹೀಗೆ ಶುರು, ನಡು, ಕೊನೆ ತಾನಾಗೇ ಇರುವ ವಿಷಯ ಸಿಕ್ಕರೆ ನೀವು ಹಳಿ ತಪ್ಪಬೇಕೆಂದರೂ ತಪ್ಪುವುದಿಲ್ಲ. "ನಮ್ಮ ಜಿಲ್ಲೆಯ ಸಂಸ್ಕೃತಿ" ಅಂತ ಚೀಟಿ ಬರೆದುಕೊಂಡರೆ ಮುಗಿಯುವುದೇ ಇಲ್ಲ.

ನಾಲ್ಕನೇ ಹೆಜ್ಜೆ: ಪ್ರಶ್ನೆ ಕೇಳಿ, ಉತ್ತರಕ್ಕೆ ಬಾಯಿ ಬಿಟ್ಟು ಕಾಯಬೇಡಿ

ಚಾಟ್ ಓದುವುದು ಎಲ್ಲರೂ ಮಾಡುತ್ತಾರೆ. ಅದರಲ್ಲಿ ಒಂದು ಲೆಕ್ಕ ತಪ್ಪುತ್ತದೆ. ನೀವು ಈಗ ಆಡಿದ ಮಾತು ನೋಡುವವರಿಗೆ ತಡವಾಗಿ ಸೇರುತ್ತದೆ. ಯೂಟ್ಯೂಬ್‌ನ ಲೈವ್ ಸೆಟ್ಟಿಂಗ್‌ನಲ್ಲಿ `Low latency` ಆರಿಸಿದರೆ ಸಾಮಾನ್ಯವಾಗಿ ಹತ್ತು ಸೆಕೆಂಡಿನೊಳಗೆ. `Normal latency` ಇದ್ದರೆ ಇನ್ನೂ ಜಾಸ್ತಿ. `Ultra low-latency` ಐದು ಸೆಕೆಂಡಿನ ಒಳಗೆ ತಲುಪಿಸುತ್ತದೆ, ಆದರೆ ನೆಟ್ ಕುಂಟುವ ಊರಿನಲ್ಲಿ ಅದನ್ನು ಮುಟ್ಟಬೇಡಿ. ತಡ ಕಡಿಮೆ ಮಾಡಿದಷ್ಟೂ ಚಿತ್ರ ತಡೆತಡೆದು ನಿಲ್ಲುವುದು ಹೆಚ್ಚುತ್ತದೆ. ನಮ್ಮ ಕೆಲಸಕ್ಕೆ ಲೋ ಸಾಕು.

ಈಗ ಲೆಕ್ಕ ಹಾಕಿ. ನೀವು ಕೇಳಿದ್ದು ಅವರಿಗೆ ಸೇರಲು ಸುಮಾರು ಹತ್ತು ಸೆಕೆಂಡ್. ಅವರು ಯೋಚಿಸಿ, ಕನ್ನಡದಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಒತ್ತಿ ಕಳಿಸಲು ಇನ್ನೊಂದು ಇಪ್ಪತ್ತು. ಮೊದಲ ಉತ್ತರ ಬರುವ ಹೊತ್ತಿಗೆ ಅರ್ಧ ನಿಮಿಷ ಆಗಿರುತ್ತದೆ. ಪ್ರಶ್ನೆ ಕೇಳಿ ಸುಮ್ನೆ ಚಾಟ್ ದಿಟ್ಟಿಸುತ್ತಾ "ಯಾರೂ ಹೇಳ್ತಾನೇ ಇಲ್ಲ, ಹೇಳಿ ಹೇಳಿ" ಅನ್ನುವುದು ಇಲ್ಲಿಂದಲೇ ಬರುವುದು. ನೋಡುವವನು ಇನ್ನೂ ಟೈಪ್ ಮಾಡುತ್ತಿರುತ್ತಾನೆ, ಅಷ್ಟರಲ್ಲಿ ಅವನಿಗೆ ಬೈಗುಳ ಕೇಳಿಸುತ್ತದೆ.

ಹಾಗಾಗಿ ಕ್ರಮ ಹೀಗಿರಲಿ: ಪ್ರಶ್ನೆ ಕೇಳಿ, ತಕ್ಷಣ ಅರ್ಧ ನಿಮಿಷದ ಒಂದು ಚೀಟಿ ಮುಗಿಸಿ, ಆಮೇಲೆ ಚಾಟ್‌ಗೆ ಬನ್ನಿ. ಅಷ್ಟು ಹೊತ್ತಿಗೆ ನಾಲ್ಕೈದು ಉತ್ತರ ಕೂತಿರುತ್ತವೆ. ನೀವು ಕಾದಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಅರ್ಧ ನಿಮಿಷದ ಚೀಟಿಗಳು ಮೂರ್ನಾಲ್ಕು ಇರಲಿ ಅಂದಿದ್ದು ಇದಕ್ಕೇ.

ಪ್ರಶ್ನೆ ಒಂದೇ ಪದದಲ್ಲಿ ಉತ್ತರಿಸುವ ಹಾಗಿರಲಿ. "ಎಲ್ಲಿಂದ ನೋಡುತ್ತಿದ್ದೀರಿ" ಒಂದು ರಾತ್ರಿಗೆ ಒಂದೇ ಸಲ. ಅದಕ್ಕಿಂತ "ನಿಮ್ಮ ಮನೆಯಲ್ಲಿ ಬಣ್ಣ ಹಚ್ಚಿದವರು ಯಾರಿದ್ದಾರೆ, ಅಪ್ಪನಾ, ಅಜ್ಜನಾ?" ಅನ್ನುವುದು ಚೆನ್ನ. "ನಮ್ಮಜ್ಜ ಅರ್ಜುನ ಮಾಡ್ತಿದ್ದ" ಅಂತ ಒಬ್ಬರು ಬರೆದರೆ ಅದರ ಕೆಳಗೆ ಇನ್ನಿಬ್ಬರು ಬರೆಯುತ್ತಾರೆ. ಓದುವಾಗ ಮೂರು ಉತ್ತರ ಸಾಕು. ನಲವತ್ತು ಹೆಸರು ಒಂದೊಂದಾಗಿ ಓದಿದರೆ ಅದು ಹಾಜರಿ ಆಗುತ್ತದೆ.

ದೇಣಿಗೆ ಪಟ್ಟಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಖಾಲಿ ಹೊತ್ತು ಸಿಕ್ಕಿತು ಅಂದ ಕೂಡಲೇ ಕಮಿಟಿಯ ಹಿರಿಯರು ಚೀಟಿ ಕಳಿಸುತ್ತಾರೆ: "ಇದನ್ನ ಓದಿಬಿಡ್ರಿ." ವೇದಿಕೆಯ ಮೈಕಿನಲ್ಲಿ ಓದಿದರೆ ಅದಕ್ಕೊಂದು ಮರ್ಯಾದೆ ಇದೆ. ಲೈವ್‌ನಲ್ಲಿ ಅದಷ್ಟು ಬೇಗ ಜನರನ್ನು ಓಡಿಸುವುದು ಬೇರೊಂದಿಲ್ಲ. "ಹಿರಿಯರೇ, ಹೆಸರೆಲ್ಲ ಪರದೆ ಕೆಳಗೆ ಓಡುವ ಹಾಗೆ ಹಾಕುತ್ತೇವೆ, ರಾತ್ರಿಯೆಲ್ಲ ಕಾಣುತ್ತದೆ" ಅನ್ನಿ. ರಾತ್ರಿಯೆಲ್ಲ ಅಂದ ಮೇಲೆ ಯಾರೂ ಬೇಡ ಅನ್ನುವುದಿಲ್ಲ.

ಒಂದು ಖಾಲಿ ಹೊತ್ತು, ನಿಮಿಷ ನಿಮಿಷವಾಗಿ

ಇವೆಲ್ಲ ಒಟ್ಟಿಗೆ ಹೇಗೆ ಸಾಗುತ್ತವೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ. ಕೊಪ್ಪಳ ತಾಲ್ಲೂಕಿನ ಒಂದು ಊರು, ಆಟ 8.30ಕ್ಕೆ. 8.33ಕ್ಕೆ ಕರೆಂಟ್ ಹೋಯಿತು. ವೇದಿಕೆ ಕತ್ತಲು, ಮೈಕ್‌ಸೆಟ್ ಮೂಕ. ಲೈವ್ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತಿದೆ. ಬೇರೆ ಸಿಮ್‌ನ ಫೋನಿನಲ್ಲಿ ನಿಮ್ಮ ಧ್ವನಿ ಬರುತ್ತಿದೆ. ಅಂದರೆ ಇದು ಮೊದಲ ಬಗೆ, ಮಾತಾಡಬಹುದು.

8.33. "ಕರೆಂಟ್ ಹೋಗಿದೆ. ಜನರೇಟರ್ ಇದೆ, ಡೀಸೆಲ್ ತರಲು ಹೋಗಿದ್ದಾರೆ. ಆಟ ಇನ್ನೂ ಶುರುವಾಗಿಲ್ಲ, ನೀವೇನೂ ತಪ್ಪಿಸಿಕೊಂಡಿಲ್ಲ. ಏನಾಯಿತು ಅಂತ 8.40ಕ್ಕೆ ಹೇಳುತ್ತೇನೆ. ಅಲ್ಲಿವರೆಗೆ ಒಂದು ಪ್ರಶ್ನೆ, ನಿಮ್ಮ ಮನೆಯಲ್ಲಿ ಬಣ್ಣ ಹಚ್ಚಿದವರು ಯಾರು?" ಇದಿಷ್ಟೇ. ಕೂಡಲೇ ಸಾರಥಿ ಪ್ರಶ್ನೆ ಕೇಳುವ ಪದ್ಧತಿಯ ಅರ್ಧ ನಿಮಿಷದ ಚೀಟಿ.

8.35. ಚಾಟ್. ಮೂರು ಉತ್ತರ ಓದಿ. ಒಬ್ಬರು ಗೋವಾದಿಂದ ತಮ್ಮ ತಂದೆ ಭೀಮನ ಪಾತ್ರ ಮಾಡುತ್ತಿದ್ದರು ಅಂತ ಬರೆದಿದ್ದಾರೆ. ಅವರಿಗೇ ಒಂದು ಮರುಪ್ರಶ್ನೆ: "ಗದೆ ಇನ್ನೂ ಮನೆಯಲ್ಲಿದೆಯಾ ಅಣ್ಣಾ?" ಇದಕ್ಕೂ ಅರ್ಧ ನಿಮಿಷ ಬೇಕು, ಗೊತ್ತಲ್ಲ. ಆದ್ದರಿಂದ ಉತ್ತರಕ್ಕೆ ಕಾಯದೆ ಭುಜಕೀರ್ತಿ ಕೈಗೆತ್ತಿಕೊಳ್ಳಿ.

8.36ರಿಂದ ಎರಡು ನಿಮಿಷ ಭುಜಕೀರ್ತಿ. ಮುಗಿದ ಮೇಲೆ ಗದೆಯ ಉತ್ತರ ಓದಿ.

8.40. "ಹೇಳಿದ ಹಾಗೆ ಸುದ್ದಿ: ಡೀಸೆಲ್ ಬಂದಿದೆ, ಹಾಕುತ್ತಿದ್ದಾರೆ. ಮುಂದಿನ ಸುದ್ದಿ 8.45ಕ್ಕೆ." ಜೊತೆಗೆ ಮರುಸ್ವಾಗತ ಒಂದೇ ವಾಕ್ಯದಲ್ಲಿ: "ಈಗ ಬಂದವರಿಗೆ, ಕರೆಂಟ್ ಹೋಗಿದೆ, ಆಟ ಶುರುವಾಗಿಲ್ಲ." ಹೊಸಬರು ಬರುತ್ತಲೇ ಇರುತ್ತಾರೆ, ಅವರಿಗೆ ಇದು ಬೇಕು. ಆದರೆ ಮೊದಲಿನಿಂದ ಇದ್ದವರಿಗೆ ಇದು ಹಳಸಲು. ಅದಕ್ಕೇ ಒಂದೇ ವಾಕ್ಯ, ಅದೂ ಸುದ್ದಿಯ ಬೆನ್ನಿಗೆ ಮಾತ್ರ.

8.41. ಹಿಂದೆ ಕರ್ಣನ ಪಾತ್ರ ಮಾಡುತ್ತಿದ್ದ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದಾರೆ. ಮಧ್ಯಾಹ್ನವೇ ಮಾತಾಡಿಸಿ ಒಪ್ಪಿಸಿರುತ್ತೀರಿ. ಮೈಕ್ ಅವರ ಕೈಗೆ ಕೊಡಬೇಡಿ, ನೀವೇ ಹಿಡಿಯಿರಿ. ಕೊಟ್ಟರೆ ವಾಪಸ್ ಬರುವುದಿಲ್ಲ, ಬಂದರೂ ಸನ್ಮಾನದ ಭಾಷಣ ಮುಗಿದ ಮೇಲೆ. "ನಿಮ್ಮ ಅನುಭವ ಹೇಳಿ" ಅನ್ನುವ ಪ್ರಶ್ನೆಯೂ ಬೇಡ, ಅದು ಬಾಗಿಲು ತೆರೆದಿಟ್ಟ ಹಾಗೆ. ಸಣ್ಣದಾಗಿ ಕೇಳಿ.

"ಅಜ್ಜಾರ, ಕಿರೀಟ ಭಾಳ ಭಾರ ಇರ್ತಿತ್ತೇನ್ರೀ?"

"ಭಾರದ್ದೇನಿಲ್ಲ ಬಿಡಪಾ. ಬಿಗದು ಕಟ್ಟಿರ್ತಾರಲ್ಲ, ಬೆಳಗಾಗೂದ್ರೊಳಗ ತಲಿ ಸಿಡೀತದ."

"ನಡುವ ಬಿಚ್ಚಾಕ ಬರಂಗಿಲ್ಲೇನ್ರೀ?"

"ಬಿಚ್ಚಿದ್ರ ಮತ್ತ ಕಟ್ಟೋರು ಯಾರ?"

ಇಂಥ ನಾಲ್ಕು ಮಾತು ಸಾಕು, ಇದಕ್ಕಿಂತ ಹೆಚ್ಚು ಎಳೆದರೆ ರುಚಿ ಕೆಡುತ್ತದೆ. ಅಜ್ಜ ಹಿಗ್ಗಿ ಉದ್ದದ ಕಥೆಗೆ ಇಳಿದರೆ, ಅವರು ಉಸಿರು ತೆಗೆದುಕೊಳ್ಳುವಾಗ ಅವರ ಕೊನೆಯ ಪದವನ್ನೇ ಹಿಡಿದು ನೀವು ಮಾತು ಮುಂದುವರಿಸಿ, ಮೈಕ್ ನಿಮ್ಮ ಬಾಯಿಗೆ ಬರಲಿ. ಮಾತು ಕಿತ್ತುಕೊಂಡಂತೆ ಅನಿಸುವುದಿಲ್ಲ.

8.45. ಸುದ್ದಿ: "ಹಗ್ಗ ಎಳೆಯುತ್ತಿದ್ದಾರೆ, ಇನ್ನೂ ಹತ್ತಿಲ್ಲ." ಕಥೆಯ ಚೀಟಿ ಶುರು.

8.46. ಜನರೇಟರ್ ಹತ್ತಿತು. ಇಲ್ಲೇ ಬಹಳ ಜನ ಅವಸರ ಮಾಡುವುದು. ದೀಪ ಹತ್ತಿದ ಕೂಡಲೇ "ಬಂತು ಬಂತು, ಈಗ ಆಟ" ಅಂತ ಕೂಗಿ ವೇದಿಕೆಗೆ ಬಿಟ್ಟುಕೊಡುತ್ತಾರೆ. ಆಗ ಮಿಕ್ಸರ್ ಇನ್ನೂ ಎದ್ದಿರುವುದಿಲ್ಲ. ಹಿಂದೆಯೇ "ಹಲೋ, ಚೆಕ್ ಚೆಕ್" ಅನ್ನುವ ಎರಡು ನಿಮಿಷ, ಮೊದಲಿನದಕ್ಕಿಂತ ಕೆಟ್ಟ ಖಾಲಿ ಹೊತ್ತು. ನೀವು ಕಥೆ ಬಿಡಬೇಡಿ. ಆಪರೇಟರ್ ವೇದಿಕೆಯ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ನೋಡಲಿ. ಜನರೇಟರ್ ಕರೆಂಟಿನಲ್ಲಿ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುವುದು ಸಾಮಾನ್ಯ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿದರೆ ಎಷ್ಟೋ ಸಲ ಅದು ಅಲ್ಲೇ ನಿಲ್ಲುತ್ತದೆ. ಸದ್ದು ಸರಿಯಾಗಿದೆ ಅಂದ ಮೇಲೆ ಅವನು ಕೈಸನ್ನೆ ಕೊಡಲಿ.

ಸನ್ನೆ ಎರಡೇ ಇರಲಿ. ತೆರೆದ ಅಂಗೈ ಅಂದರೆ "ಎಳೆಯಿರಿ". ಮುಚ್ಚಿದ ಮುಷ್ಟಿ ಅಂದರೆ "ಕೊನೆಯ ವಾಕ್ಯಕ್ಕೆ ಬನ್ನಿ". ಮೂರನೆಯದು ಕಲಿಸಿದರೆ ಕತ್ತಲಲ್ಲಿ ಗೊಂದಲ. ಮುಷ್ಟಿ ಕಂಡಿತು. ನೀವು ಶಲ್ಯನ ನಡುವೆಲ್ಲೋ ಇದ್ದೀರಿ. ಹಿಡಿದ ವಾಕ್ಯ ಮುಗಿಸಿ, ಚೀಟಿಯ ಕೊನೆಗೆ ಹಾರಿ: "ಆ ಗಾಲಿ ಹೂತದ್ದು ಹೇಗೆ ಅಂತ ನಾನು ಹೇಳುವುದಿಲ್ಲ, ಕರ್ಣನೇ ತೋರಿಸುತ್ತಾನೆ. ಗಣಪತಿ ಪೂಜೆಯಿಂದ ಆಟ ಶುರು." 8.47.

ವೇದಿಕೆಗೆ ಬಿಟ್ಟುಕೊಟ್ಟ ಕೂಡಲೇ ನಿಮ್ಮ ಮೈಕ್ ಬಂದ್ ಆಗಿದೆಯಾ ಅಂತ ಕಣ್ಣಾರೆ ನೋಡಿ. "ಅಬ್ಬಾ ಮುಗೀತು, ಚಹಾ ತರ್ರಿ" ಅನ್ನುವ ಮಾತು ಗಣಪತಿ ಪದದ ಮೇಲೆ ಕೂರಬಾರದು.

ಮಾಡಬಾರದ ಒಂದೆರಡು

ಖಾಲಿ ಹೊತ್ತಿಗೆ ಸಿನಿಮಾ ಹಾಡು ಹಾಕಬೇಡಿ. ಯೂಟ್ಯೂಬ್ ಲೈವ್ ನಡೆಯುತ್ತಿರುವಾಗಲೇ ಹಾಡುಗಳನ್ನು ಗುರುತು ಹಿಡಿಯುತ್ತದೆ. ನಿಮ್ಮ ಚಿತ್ರದ ಜಾಗದಲ್ಲಿ ಬೇರೆ ಚಿತ್ರ ಕೂರಿಸಬಹುದು, ಲೈವನ್ನೇ ನಿಲ್ಲಿಸಲೂಬಹುದು. ಬಯಲಿನ ಮೈಕ್‌ಸೆಟ್‌ನವರು ಹಾಕಿದ ಹಾಡು ನಿಮ್ಮ ಮೈಕಿಗೆ ಬಿದ್ದರೂ ಅಷ್ಟೇ. ಕರೆಂಟ್ ಬಂದ ಕೂಡಲೇ ಅವರು ಮೊದಲು ಮಾಡುವ ಕೆಲಸವೇ ಹಾಡು ಹಾಕುವುದು, ಸಂಜೆಯೇ ಹೇಳಿಟ್ಟಿರಿ. ಬದಲಿಗೆ ಮಧ್ಯಾಹ್ನ ಮದ್ದಳೆಯವರನ್ನು ಕೇಳಿ ಎರಡು ನಿಮಿಷದ ಮದ್ದಳೆ, ತಾಳ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಿಮಗೆ ನೀರು ಕುಡಿಯಲು ಬಿಡುವು ಬೇಕಾದಾಗ ಅದನ್ನೇ ಹಾಕಿಸಿ.

ವೇಷ ಕಟ್ಟುವ ಕೋಣೆಗೆ ಕ್ಯಾಮೆರಾ ನುಗ್ಗಿಸಬೇಡಿ. ಬಣ್ಣ ಹಚ್ಚುವುದನ್ನು ನೋಡಲು ಜನಕ್ಕೆ ಇಷ್ಟ, ನಿಜ. ಆದರೆ ಅಲ್ಲಿ ಬಟ್ಟೆ ಬದಲಿಸುತ್ತಿರುತ್ತಾರೆ, ಮಾಸ್ತರರು ಯಾರಿಗೋ ಗದರುತ್ತಿರುತ್ತಾರೆ. ಬೇಕಿದ್ದರೆ ಕೇಳಿ ಒಪ್ಪಿಗೆ ಪಡೆದು ಸಂಜೆಯೇ ಚಿತ್ರಿಸಿಟ್ಟುಕೊಂಡು, ಖಾಲಿ ಹೊತ್ತಿನಲ್ಲಿ ತೋರಿಸಿ.

ಎಷ್ಟು ಜನ ನೋಡುತ್ತಿದ್ದಾರೆ ಅನ್ನುವ ಅಂಕಿ ನಿಮಗೆ ಕಾಣುತ್ತಿರುತ್ತದೆ. ಅದನ್ನು ಬಾಯಲ್ಲಿ ಹೇಳಬೇಡಿ, ಆದರೆ ಪ್ರತಿ ಸುದ್ದಿಯ ಹೊತ್ತಿಗೆ ಒಮ್ಮೆ ಕಣ್ಣು ಹಾಯಿಸಿ. ಮೊದಲ ಒಂದೆರಡು ನಿಮಿಷದಲ್ಲಿ ಸ್ವಲ್ಪ ಇಳಿಯುವುದು ಸಹಜ. ಒಂದು ಚೀಟಿಯ ನಡುವೆ ಬಿಡದೆ ಇಳಿಯುತ್ತಿದ್ದರೆ ಆ ಚೀಟಿ ಸರಿಯಿಲ್ಲ ಅಂತ ಅರ್ಥ, ಕೊನೆಯ ವಾಕ್ಯಕ್ಕೆ ಹಾರಿ ಬೇರೆಯದು ತೆಗೆಯಿರಿ. ಹದಿನೈದು ಇಪ್ಪತ್ತು ನಿಮಿಷ ದಾಟಿತು, ಇನ್ನೂ ಏನೂ ಗೊತ್ತಿಲ್ಲ ಅಂದರೆ ಎಷ್ಟು ಚೀಟಿ ಇದ್ದರೂ ಸಾಲದು. ಆಗ "ಆಟ ಶುರುವಾದ ಕೂಡಲೇ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ, ಊಟ ಮಾಡಿ ಬನ್ನಿ" ಅಂತ ನೀವೇ ಕಳಿಸಿಕೊಡಿ. ಬೇಸತ್ತು ಹೋದವರಿಗಿಂತ ನೀವು ಕಳಿಸಿದವರೇ ವಾಪಸ್ ಬರುವುದು ಜಾಸ್ತಿ.

ಮರುದಿನದ ಕೆಲಸ

ಲೈವ್ ಆಗಿ ಹೋದ ಖಾಲಿ ಹೊತ್ತು ವಿಡಿಯೋದಲ್ಲಿ ಹಾಗೇ ಉಳಿದಿರುತ್ತದೆ. ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿ ಆ ಭಾಗ ಕತ್ತರಿಸಬಹುದು, ಆದರೆ ಆರು ಗಂಟೆಗಿಂತ ಉದ್ದದ ವಿಡಿಯೋ ಅಲ್ಲಿ ಸೇವ್ ಆಗದೇ ಹೋಗಬಹುದು. ರಾತ್ರಿಯಿಡೀ ನಡೆಯುವ ಆಟಕ್ಕೆ ಇದು ದೊಡ್ಡ ತೊಡಕು. ಹನ್ನೆರಡು ಗಂಟೆ ಮೀರಿದ ಲೈವ್ ಅಂತೂ ಪೂರ್ತಿ ಉಳಿಯುತ್ತದೆ ಅಂತ ನಂಬಬೇಡಿ. ಕತ್ತರಿಸಲು ಆಗದಿದ್ದರೆ ವಿಡಿಯೋ ಕೆಳಗಿನ ವಿವರಣೆಯಲ್ಲಿ ಹೊತ್ತಿನ ಗುರುತು ಹಾಕಿ. ಮೊದಲ ಗುರುತು 00:00 ಇರಬೇಕು, ಕನಿಷ್ಠ ಮೂರು ಗುರುತುಗಳು ಬೇಕು, ಒಂದೊಂದು ಭಾಗವೂ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು. ಹೀಗೆ:

```
00:00 ಸಿದ್ಧತೆ, ಭುಜಕೀರ್ತಿ, ಅಜ್ಜನ ಮಾತು
17:10 ಗಣಪತಿ ಪೂಜೆ
26:45 ಸಾರಥಿ ಪ್ರವೇಶ
```

ಅಜ್ಜನ ಮಾತು ಅಂತ ಗುರುತಿನಲ್ಲಿ ಹಾಕಿದ್ದು ಬೇಕಂತಲೇ. ಆಟಕ್ಕೆ ನೇರ ಹೋಗುವವರು ಎರಡನೇ ಸಾಲು ಒತ್ತುತ್ತಾರೆ. ಆ ಅಜ್ಜನ ಮನೆಯವರು ಮೊದಲನೆಯದನ್ನು ಒತ್ತುತ್ತಾರೆ.